ಐವತ್ತು ಗ್ರಾಂ ಹುರಿಗಡಲೆ

ಸಂಜೆ ಹೊತ್ತು ಯಾರಾದರೂ ನನ್ನ ಪಕ್ಕದಲ್ಲಿ ಕೂತು ಹುರಿಗಡಲೆ ತಿನ್ನಲು ಶುರು ಮಾಡಿದರೆ ನಾನು ಏನೋ ನೆಪ ಹೇಳಿ ಎದ್ದು ಒಳಗೆ ಹೋಗುತ್ತೇನೆ. ನನಗೆ ಆ ವಾಸನೆ ಆಗುವುದಿಲ್ಲ ಎಂದು ಮನೆಯವರು ತಿಳಿದುಕೊಂಡಿದ್ದಾರೆ. ಹಾಗೇ ತಿಳಿದುಕೊಂಡಿರಲಿ ಎಂದು ನಾನೂ ಸುಮ್ಮನಿದ್ದೇನೆ. ನಿಜ ಹೇಳಬೇಕೆಂದರೆ ನನಗೆ ಹುರಿಗಡಲೆ ಬಹಳ ಇಷ್ಟ. ಅದನ್ನು ಅಗಿಯುವ ಸದ್ದೂ ತೊಂದರೆಯಿಲ್ಲ. ಆ ಸದ್ದು ಥಟ್ಟನೆ ನಿಂತರೆ ಮಾತ್ರ ನನ್ನ ಎದೆ ಹೊಡೆದುಕೊಳ್ಳುತ್ತದೆ. ಬಾಯಲ್ಲಿ ಹಾಕಿಕೊಂಡದ್ದು ಎಲ್ಲಿ ಹೋಯಿತು, ಇನ್ನೂ ಯಾಕೆ ಉಸಿರು ಬರಲಿಲ್ಲ ಎಂದು ಅವರ ಮುಖವನ್ನೇ ನೋಡುತ್ತೇನೆ. ಅವರು ಸುಮ್ಮನೆ ಎಂಜಲು ನುಂಗುತ್ತಿರುತ್ತಾರೆ, ಅಷ್ಟೇ.

ಎಪ್ಪತ್ತರ ದಶಕದ ನಡುವಿನ ಮಾತು. ನನಗಾಗ ಇಪ್ಪತ್ಮೂರು ವರ್ಷ. ಚಿತ್ರದುರ್ಗದ ಕೋಟೆಯ ಕೆಳಗಿನ ಬೀದಿಯಲ್ಲಿ ಹುಟ್ಟಿ ಬೆಳೆದವಳು, ಗ್ರಾಮಸೇವಕಿ ಕೆಲಸ ಸಿಕ್ಕಿ ಹೊಳಲ್ಕೆರೆಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದೆ. ಹಳ್ಳಿಗಳಿಗೆ ಹೋಗಿ ಹೆಂಗಸರನ್ನು ಕೂಡಿಸಿ, ಮಕ್ಕಳಿಗೆ ಏನು ತಿನ್ನಿಸಬೇಕು, ಯಾಕೆ ತಿನ್ನಿಸಬೇಕು ಎಂದು ತೋರಿಸಿಕೊಡುವುದು ನನ್ನ ಕೆಲಸ. ಒಂದು ಖಾಕಿ ಬಟ್ಟೆಯ ಚೀಲ, ಅದರಲ್ಲಿ ಒಂದು ಸಣ್ಣ ತಕ್ಕಡಿ, ತೂಕದ ಬಟ್ಟುಗಳು, ಮಗುವನ್ನು ತೂಗುಹಾಕಿ ತೂಕ ನೋಡುವ ಕೊಕ್ಕೆಯ ತಕ್ಕಡಿ, ಯಾವ ಆಹಾರದಲ್ಲಿ ಎಷ್ಟು ಸತ್ವವಿದೆ ಎಂದು ಪಟ್ಟಿ ಮಾಡಿದ ಒಂದು ಪುಸ್ತಕ. ಆ ಪುಸ್ತಕ ಕೈಯಲ್ಲಿದ್ದರೆ ನನಗೆ ಯಾರೂ ಎದುರಾಡಬಾರದು ಅನ್ನಿಸುತ್ತಿತ್ತು. ಮೂಗಿನ ತುದಿಯಲ್ಲೇ ಕೋಪ ಇದ್ದ ಕಾಲ ಅದು. ಯಾರಾದರೂ 'ನಮ್ಮವ್ವ ಹಂಗೆ ಮಾಡ್ತಿದ್ಲು' ಅಂದರೆ ಸಾಕು, ನಾನು ಪುಸ್ತಕ ಬಿಚ್ಚುತ್ತಿದ್ದೆ.

ಸಂಜೆಯ ತಿಂಡಿಯ ಪಾಠ ನನಗೆ ತುಂಬ ಹಿಡಿಸಿದ ಪಾಠ. ಹಳ್ಳಿಯಲ್ಲಿ ಹೊತ್ತೇರಿದಾಗ ಒಂದು ಮುದ್ದೆ ಉಂಡರೆ ಮತ್ತೆ ಒಲೆ ಹಚ್ಚುವುದು ಕತ್ತಲಾದ ಮೇಲೆ. ನಡುವೆ ಮಕ್ಕಳು ಹಸಿದು ಅಳುತ್ತವೆ. ಆಗ ಕೈಗೆ ಸಿಕ್ಕಿದ್ದನ್ನು ಕೊಟ್ಟು ಸುಮ್ಮನಾಗಿಸುತ್ತಾರೆ. ಆ ಕೈಗೆ ಸಿಕ್ಕಿದ್ದು ಏನಿರಬೇಕು ಎಂಬುದೇ ಪಾಠ. ಯಾವ ಹಳ್ಳಿಯ ಅಂಗಡಿಯಲ್ಲೂ ಸಿಗುವ ನಾಲ್ಕನ್ನೇ ಆರಿಸಿಕೊಂಡಿದ್ದೆ: ಹುರಿಗಡಲೆ, ಮಂಡಕ್ಕಿ, ಹುರಿದ ಶೇಂಗಾ, ಬಿಸ್ಕತ್ತು. ನಾಲ್ಕನ್ನೂ ಐವತ್ತೈವತ್ತು ಗ್ರಾಂ ತೂಗಿ ನಾಲ್ಕು ತಟ್ಟೆಯಲ್ಲಿ ಇಟ್ಟು, ಪುಸ್ತಕದ ಲೆಕ್ಕ ಹೇಳುವುದು. ಪುಸ್ತಕದಲ್ಲಿ ನೂರು ಗ್ರಾಂಗೆ ಕೊಟ್ಟಿರುತ್ತಿದ್ದರು, ನಾನು ಅರ್ಧ ಮಾಡಿಕೊಂಡಿದ್ದೆ. ಮಗುವಿಗೆ ನೂರು ಗ್ರಾಂ ತಿಂಡಿ ಯಾರು ಕೊಡುತ್ತಾರೆ ಎಂಬುದು ನನ್ನ ಜಾಣತನ.

ಆ ಪಾಠಕ್ಕೆ ಎರಡು ಭಾಗ ಇತ್ತು. ಮೊದಲನೆಯದು ತೂಗುವುದು. ಎರಡನೆಯದು ಕುಟ್ಟುವುದು. ಕಡಲೆಯನ್ನೂ ಶೇಂಗಾವನ್ನೂ ಒರಳಲ್ಲಿ ಕುಟ್ಟಿ ಪುಡಿ ಮಾಡಿ, ಬೆಲ್ಲ ಬೆರೆಸಿ, ಸ್ವಲ್ಪ ಹಾಲೋ ನೀರೋ ಹಾಕಿ ಕಲಸಿ, ದವಡೆ ಹಲ್ಲು ಬಲಿಯದ ಮಕ್ಕಳಿಗೆ ತಿನ್ನಿಸಬೇಕು. ಇಡೀ ಕಾಳು ಕೊಡಬಾರದು. ತರಬೇತಿಯಲ್ಲಿ ನಮಗೆ ಕಲಿಸಿದ ಮೇಡಂ ಇದನ್ನು ಹೇಳಿ, ಬರೆಸಿ, ಮತ್ತೆ ಹೇಳಿಸಿದ್ದರು. ನನ್ನ ನೋಟು ಪುಸ್ತಕದಲ್ಲಿ ಅದರ ಕೆಳಗೆ ಗೆರೆ ಎಳೆದುಕೊಂಡಿದ್ದೆ. ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ನಾನು ಹೇಳುತ್ತಿರುವ ಹಳ್ಳಿ ರಾಮಗಿರಿ ಸ್ಟೇಷನ್ನಿನಿಂದ ಒಂದು ಗಂಟೆಯ ಕಾಲುದಾರಿ. ಮಧ್ಯಾಹ್ನ ಹೋಗಿ, ಸಂಜೆಯ ರೈಲಿಗೆ ಚಿಕ್ಕಜಾಜೂರಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದರೆ ದೀಪ ಹಚ್ಚುವ ಹೊತ್ತಿಗೆ ಕೋಣೆ ಸೇರಬಹುದು. ಆ ರೈಲು ತಪ್ಪಿದರೆ ರಾತ್ರಿ ಹಳ್ಳಿಯಲ್ಲೇ ಯಾರದಾದರೂ ಮನೆಯಲ್ಲಿ ಉಳಿಯಬೇಕು. ಹಿಂದೊಮ್ಮೆ ಹಾಗೆ ಉಳಿದು, ನಿದ್ದೆಗೆಟ್ಟು, ಇನ್ನು ಮೇಲೆ ಏನಾದರಾಗಲಿ ರೈಲು ತಪ್ಪಿಸಿಕೊಳ್ಳಬಾರದು ಎಂದು ತೀರ್ಮಾನ ಮಾಡಿಕೊಂಡಿದ್ದೆ.

ಮಾರಿಗುಡಿಯ ಎದುರಿನ ದೊಡ್ಡ ಜಗಲಿಯ ಮೇಲೆ ಹೆಂಗಸರು ಸೇರಿದ್ದರು. ಮುಂದಿನ ಸಾಲಿನಲ್ಲಿ ಒಬ್ಬಳು ಅಜ್ಜಿ, ಅವಳ ತೊಡೆಯ ಮೇಲೆ ಮೊಮ್ಮಗಳು. ಮಗುವಿಗೆ ಎರಡು ವರ್ಷ ತುಂಬಿ ಒಂದೆರಡು ತಿಂಗಳು. ಮಗ ಸೊಸೆ ಇಬ್ಬರೂ ಕುರಿಹಿಂಡಿನ ಜೊತೆ ದಾವಣಗೆರೆಯ ಆಚೆ ಭತ್ತ ಕೊಯ್ದ ಗದ್ದೆಗಳಿಗೆ ಹೋಗಿದ್ದರು. ಗದ್ದೆಯಲ್ಲಿ ಕುರಿ ಕೂಡಿಹಾಕಿ ಗೊಬ್ಬರ ಮಾಡಿಕೊಟ್ಟು, ಯುಗಾದಿ ಹೊತ್ತಿಗೆ ವಾಪಸು ಬರುವ ಜನ. ಎಳೆಯ ಮಗು ಬಯಲಲ್ಲಿ ಚಳಿಗೆ ಮಲಗುವುದು ಬೇಡ ಎಂದು ಅಜ್ಜಿಯ ಹತ್ತಿರ ಬಿಟ್ಟು ಹೋಗಿದ್ದರು.

ಕೊಕ್ಕೆಗೆ ಜೋಲಿ ಕಟ್ಟಿ ಮಗುವನ್ನು ತೂಗಿದೆ. ಎಂಟು ಕಿಲೋ.

"ಅಜ್ಜಿ, ತುಂಬಾ ಕಡಿಮೆ ಇದೆ. ಹತ್ತರ ಮೇಲಾದರೂ ಇರಬೇಕಿತ್ತು" ಎಂದೆ.

ಅಜ್ಜಿಯ ಮುಖ ಸಪ್ಪಗಾಯಿತು. "ಏನ್ ಮಾಡ್ಲಿ ಅಮ್ಮಾರೆ, ಉಣ್ಣಾಕೇ ಒಲ್ಲದು. ನನ್ ಸೊಸಿ ಹೋಗೋವಾಗ ಏನಂದ್ಲು ಗೊತ್ತಾ? ಅತ್ತೇ, ಹೆಂಗ್ ಕೊಟ್ಟೀನೋ ಹಂಗ್ ಕೊಡು ಅಂದ್ಲು. ಯುಗಾದಿಗೆ ಅವ್ಳ ಕೈಗೆ ಇದ್ನ ಹೆಂಗ್ ಕೊಡ್ಲಿ?"

ಅಷ್ಟೇ ವಿಷಯ. ಯುಗಾದಿಗೆ ಸೊಸೆ ಬರುವ ಹೊತ್ತಿಗೆ ಮಗು ಗುಂಡಗಾಗಿರಬೇಕು. ಆ ಅಜ್ಜಿ ನನ್ನ ಎದುರು ಕೂತಿದ್ದದ್ದು ಅದಕ್ಕಾಗಿ, ನನ್ನ ಒಂದೊಂದು ಮಾತನ್ನೂ ಬಾಯಿ ಬಿಟ್ಟುಕೊಂಡು ಕೇಳಿದ್ದು ಅದಕ್ಕಾಗಿ.

"ಸಂಜೆಗೆ ಏನು ಕೊಡ್ತೀರಿ?"

"ಬಿಸ್ಕತ್ತು ಅಮ್ಮಾರೆ. ಟೇಸನ್ ಹತ್ರ ಅಂಗಡೀಲಿ ತರಿಸ್ತೀನಿ. ಹಾಲಿದ್ರೆ ಹಾಲಾಗೆ, ಇಲ್ದಿದ್ರೆ ಚಾದಾಗೆ ಅದ್ದಿ ಅದ್ದಿ ಬಾಯಿಗಿಡ್ತೀನಿ. ಪ್ಯಾಟೆ ಮಕ್ಳು ತಿಂತಾವಲ್ಲ."

ನನಗೆ ಬೇಕಾಗಿದ್ದ ಉತ್ತರ ಅದೇ. ತಕ್ಕಡಿ ತೆಗೆದೆ. ಒಂದು ತಟ್ಟೆಗೆ ಐವತ್ತು ಗ್ರಾಂ ಬಟ್ಟು, ಇನ್ನೊಂದಕ್ಕೆ ಒಂದೊಂದಾಗಿ ನಾಲ್ಕನ್ನೂ ಹಾಕಿ ತೂಗಿದೆ. ಬಿಸ್ಕತ್ತು ಎಂಟೋ ಹತ್ತೋ ಬಂದವು. ಶೇಂಗಾ ಒಂದು ಬೊಗಸೆಯೂ ತುಂಬಲಿಲ್ಲ. ಕಡಲೆಯೂ ಅಷ್ಟೇ. ಮಂಡಕ್ಕಿ ಮಾತ್ರ ಹಾಕಿದಷ್ಟೂ ಮುಳ್ಳು ಏಳದು. ತಕ್ಕಡಿಯ ತಟ್ಟೆಯಲ್ಲಿ ಹಿಡಿಯದೆ ಕಾಗದದ ಚೀಲದಲ್ಲಿ ಹಾಕಿ ತೂಗಬೇಕಾಯಿತು. ಊಟದ ತಟ್ಟೆಗೆ ಸುರಿದರೆ ಗುಡ್ಡೆಯಾಗಿ ನಿಂತು ಸುತ್ತ ಚೆಲ್ಲಿತು. ಹೆಂಗಸರು ನಕ್ಕೇ ನಕ್ಕರು.

"ಅದೊಂದ್ ತಟ್ಟೆ ಕೊಟ್ರೆ ಎಮ್ಮೇನೂ ಸುಮ್ನಾಗ್ತದೆ ಬಿಡ್ರಿ" ಎಂದಳು ಹಿಂದಿನಿಂದ ಒಬ್ಬಳು.

"ನಾಲ್ಕೂ ತೂಕ ಒಂದೇ. ಇದರಲ್ಲಿ ಮೈಗೆ ಹೆಚ್ಚು ಕಸುವು ಕೊಡೋದು ಯಾವುದು, ಹೇಳಿ?" ಎಂದು ಕೇಳಿದೆ.

ಕೆಲವರು ಮಂಡಕ್ಕಿ ಗುಡ್ಡೆ ತೋರಿಸಿದರು. ಅಜ್ಜಿ ಬಿಸ್ಕತ್ತು ತೋರಿಸಿದಳು. ನಾನು ಒಂದೊಂದನ್ನೇ ಓದಿದೆ. ಬಿಸ್ಕತ್ತು, ಪ್ರೋಟೀನು ಬರೀ ಮೂರು ಗ್ರಾಂ, ಕ್ಯಾಲೊರಿ ಇನ್ನೂರಿಪ್ಪತ್ತೈದು. ಮಂಡಕ್ಕಿ, ಪ್ರೋಟೀನು ನಾಲ್ಕು ಗ್ರಾಂಗೆ ಕೊಂಚ ಕಡಿಮೆ, ಕ್ಯಾಲೊರಿ ನೂರರವತ್ತು, ಅದೂ ಆ ಗುಡ್ಡೆಯಷ್ಟನ್ನೂ ತಿಂದರೆ. ಹುರಿಗಡಲೆ, ಪ್ರೋಟೀನು ಹನ್ನೊಂದು, ಕ್ಯಾಲೊರಿ ನೂರೆಂಬತ್ತೈದು. ಶೇಂಗಾ, ಪ್ರೋಟೀನು ಹದಿಮೂರು, ಕ್ಯಾಲೊರಿ ಇನ್ನೂರೆಂಬತ್ತೈದು.

ಕ್ಯಾಲೊರಿ ಅಂದರೆ ಒಲೆಗೆ ಹಾಕೋ ಸೌದೆ, ಪ್ರೋಟೀನು ಅಂದರೆ ಮನೆ ಕಟ್ಟೋ ಇಟ್ಟಿಗೆ ಎಂದು ಹೇಳಿಕೊಟ್ಟಿದ್ದೆ. ಅಜ್ಜಿ ಸ್ವಲ್ಪ ಹೊತ್ತು ತಟ್ಟೆಗಳನ್ನೇ ನೋಡಿದಳು. ದಡ್ಡಿಯಲ್ಲ ಅವಳು.

"ಅಂಗಾರೆ ಸೌದೆ ಕಡ್ಲೆಗಿಂತ ಬಿಸ್ಕತ್ತಿನಾಗೇ ಜಾಸ್ತಿ ಐತಲ್ಲ ಅಮ್ಮಾರೆ?"

ಈಗ ಯೋಚಿಸಿದರೆ ಅದು ಬಹಳ ಸರಿಯಾದ ಪ್ರಶ್ನೆ. ಎಂಟು ಕಿಲೋ ತೂಗುವ ಮಗುವಿಗೆ ಸೌದೆಯೂ ಬೇಕಿತ್ತು. ಹಾಲಲ್ಲಿ ಅದ್ದಿದ ಬಿಸ್ಕತ್ತು ವಿಷವೇನಲ್ಲ. ಅದರ ಜೊತೆಗೇ ಒಂದು ಚಮಚ ಕಡಲೆ ಹಿಟ್ಟು ಕೊಡಿ ಎಂದಿದ್ದರೆ ಮುಗಿದಿತ್ತು. ಆದರೆ ನನಗೆ ಗೆಲ್ಲಬೇಕಿತ್ತು.

"ಸೌದೆ ಇದ್ದರೆ ಮನೆ ಆಗುತ್ತಾ? ಇಟ್ಟಿಗೆ ಬೇಡವಾ? ಇಷ್ಟು ದಿನ ಬಿಸ್ಕತ್ತು ಕೊಟ್ಟಿದ್ದಕ್ಕೇ ಮಗು ಹೀಗಾಗಿರೋದು" ಎಂದುಬಿಟ್ಟೆ.

ಎಲ್ಲರೂ ಅವಳ ಕಡೆ ನೋಡಿದರು. ಅಜ್ಜಿ ತಲೆ ತಗ್ಗಿಸಿ ಮಗುವಿನ ಕಾಲಿನ ಹೆಬ್ಬೆರಳು ಹಿಡಿದುಕೊಂಡಳು. ನನಗೆ ಅವತ್ತು ಅದು ಪಾಠ ನಾಟಿದ ಗುರುತಿನ ಹಾಗೆ ಕಂಡಿತು.

"ಶೇಂಗಾ ಕೊಡಿ ಅಜ್ಜಿ, ಎಲ್ಲದಕ್ಕಿಂತ ಮೇಲು" ಎಂದೆ.

"ಶೇಂಗಾ ಪಿತ್ತ ಅಮ್ಮಾರೆ. ಕೂಸಿಗೆ ಕೆಮ್ಮು ಹತ್ತುತದೆ. ಅದೊಂದ್ ಬ್ಯಾಡ."

"ಆಯ್ತು, ಹಾಗಾದರೆ ಹುರಿಗಡಲೆ. ಬಿಸ್ಕತ್ತಿನ ಮೂರು ಮೂರೂವರೆ ಪಟ್ಟು ಇಟ್ಟಿಗೆ ಇದರಲ್ಲಿದೆ."

"ಕಡ್ಲೆ ಕೊಡ್ತೀನಿ ಬಿಡ್ರಿ" ಎಂದಳು.

ಆಗಲೇ ಗುಡಿಯ ನೆರಳು ಜಗಲಿ ದಾಟಿತ್ತು. ಯಾರೋ ಒಬ್ಬಳು ಒರಳು ತೊಳೆದು, ಒನಕೆ ತಂದಿಟ್ಟು ಕಾಯುತ್ತಿದ್ದಳು, ನಾನೇ ಮೊದಲು ಹೇಳಿ ತರಿಸಿದ್ದು. ಬೆಲ್ಲವನ್ನೂ ಹೆರೆದಿಟ್ಟಿದ್ದರು. ಕೈಗಡಿಯಾರ ನೋಡಿಕೊಂಡೆ. ಸ್ಟೇಷನ್ನಿಗೆ ಒಂದು ಗಂಟೆ ದಾರಿ, ರೈಲಿಗೆ ಒಂದು ಗಂಟೆ ಐದು ನಿಮಿಷ. ಕುಟ್ಟಿ ಕಲಸಿ ತೋರಿಸಲು ಏನಿಲ್ಲವೆಂದರೂ ಕಾಲು ಗಂಟೆ ಬೇಕು.

"ಕುಟ್ಟೋದು ಬರೋ ವಾರ ತೋರಿಸ್ತೀನಿ" ಎಂದು ಚೀಲ ಎತ್ತಿಕೊಂಡೆ.

'ಚಿಕ್ಕ ಮಕ್ಕಳಿಗೆ ಹಾಗೇ ಕೊಡಬೇಡಿ' ಎಂದು ನಾಲ್ಕು ಮಾತು ಹೇಳಲು ಅರ್ಧ ನಿಮಿಷ ಸಾಕಾಗಿತ್ತು. ಎಷ್ಟೋ ವರ್ಷ ನಾನು ಆ ಅರ್ಧ ನಿಮಿಷವನ್ನು ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಹೇಳಿದೆನೇನೋ, ನನಗೆ ಮರೆತಿರಬೇಕು ಎಂದು ನನ್ನನ್ನೇ ನಂಬಿಸಲು ನೋಡಿದ್ದೇನೆ. ಇಲ್ಲ, ಹೇಳಲಿಲ್ಲ. ನಾನು ಮಾಡಿದ್ದು ಬೇರೆ. ತಟ್ಟೆಯಲ್ಲಿ ತೂಗಿಟ್ಟಿದ್ದ ಆ ಐವತ್ತು ಗ್ರಾಂ ಹುರಿಗಡಲೆಯನ್ನು ಎತ್ತಿ, "ಇವತ್ತಿನಿಂದಲೇ ಶುರು ಮಾಡಿ ಅಜ್ಜಿ" ಎಂದು ಅವಳ ಸೆರಗಿಗೆ ಸುರಿದೆ. ಅವಳು ಎರಡೂ ಕೈಯಲ್ಲಿ ಸೆರಗು ಹಿಡಿದು ತೆಗೆದುಕೊಂಡಳು, ಪ್ರಸಾದ ತೆಗೆದುಕೊಂಡ ಹಾಗೆ.

ರೈಲು ಸಿಕ್ಕಿತು. ಕಿಟಕಿಯ ಪಕ್ಕ ಜಾಗವೂ ಸಿಕ್ಕಿತು.

ಮುಂದಿನ ವಾರ ಹೋದಾಗ ಅಜ್ಜಿ ಎಲ್ಲರಿಗಿಂತ ಮುಂಚೆ ಬಂದು ಕೂತಿದ್ದಳು. ಮಗು ಪಕ್ಕದಲ್ಲಿ ಆಡಿಕೊಂಡಿತ್ತು, ಆಗಾಗ ಒಂದೊಂದು ಕೆಮ್ಮು. ಒರಳು ಸಿದ್ಧವಾಗುವ ಹೊತ್ತಿಗೆ ಅಜ್ಜಿ ಮೆಲ್ಲಗೆ ಹೇಳಿದಳು.

"ಅಮ್ಮಾರೆ, ಅವತ್ತು ನೀವ್ ಕೊಟ್ರಲ್ಲ ಕಡ್ಲೆ, ಕೂಸಿನ ಕೈಗ್ ಕೊಟ್ಟೆ. ತಿಂತಾ ತಿಂತಾ ಓಡಾಡ್ತಿತ್ತು. ಒಂದೇಟಿಗೆ ಕೆಮ್ಮು ಬಂತು ನೋಡ್ರಿ, ಉಸ್ರೇ ಇಲ್ಲ, ಮಖ ನೀಲಿ ಆತು. ಬೋರಲು ಹಾಕ್ಕಂಡು ಬೆನ್ನಿಗೆ ಗುದ್ದಿದೆ. ಆಮ್ಯಾಲೆ ಅತ್ತು ಸರಿಹೋತು. ಅವತ್ತಿನಿಂದ ಇಂಗೆ ಕೆಮ್ತದೆ. ಕಡ್ಲೆ ಏನಾರ ಒಳಗೆ ಕುಂತೈತಾ ಅಂತ."

ಅವಳು ಮೆಲ್ಲಗೆ ಹೇಳಿದರೂ ಉಳಿದವರ ಕಿವಿಗೆ ಬಿದ್ದಿತ್ತು. ಒಬ್ಬಳು ಇನ್ನೊಬ್ಬಳ ಕಡೆ ನೋಡಿದಳು. ಆ ನೋಟ ನನಗೆ ಗೊತ್ತು. ಇನ್ನೊಂದು ಕ್ಷಣ ಬಿಟ್ಟರೆ 'ಅಮ್ಮಾರ ಮಾತು ಕೇಳಿ ಕೂಸು ಹೋಗ್ತಿತ್ತಂತೆ' ಎಂದು ಊರೆಲ್ಲ ಹರಡಿ, ನನ್ನ ತಕ್ಕಡಿ ಪುಸ್ತಕ ಎಲ್ಲ ದಂಡ. ಬಾಯಿ ತನ್ನಷ್ಟಕ್ಕೆ ತಾನೇ ಗಟ್ಟಿಯಾಗಿ ಮಾತಾಡಿತು.

"ಕಡಲೆಯಿಂದ ಏನೂ ಆಗಿಲ್ಲ ಅಜ್ಜಿ. ಒಳಗೆ ಕೂತಿದ್ದರೆ ಮಗು ಹೀಗೆ ಆಡ್ತಿತ್ತಾ? ಇದು ನೆಗಡಿ. ಚಳಿಗಾಲ ಅಲ್ಲವಾ, ಎಲ್ಲ ಮಕ್ಕಳಿಗೂ ಇದೆ."

"ನೆಗಡೀನಾ?"

"ನೆಗಡಿ."

"ಅಂಗಾರೆ ಸರಿ ಬಿಡ್ರಿ" ಎಂದಳು ಅಜ್ಜಿ. ಅವಳ ಮುಖದ ಗಂಟು ಸಡಿಲಾಯಿತು. ನನ್ನ ಮಾತಿನಿಂದ ಅವಳಿಗೆ ನೆಮ್ಮದಿ ಸಿಕ್ಕಿತ್ತು. ಆ ನೆಮ್ಮದಿ ನನಗೆ ಇಂದಿಗೂ ಚುಚ್ಚುತ್ತದೆ.

ಆ ದಿನ ಕುಟ್ಟಿ ತೋರಿಸಿದೆ. ಪುಡಿ ಎಷ್ಟು ನುಣ್ಣಗಿರಬೇಕು, ಬೆಲ್ಲ ಎಷ್ಟು, ಹಾಲು ಎಷ್ಟು, ಎಲ್ಲ ತೋರಿಸಿದೆ. ಸಣ್ಣ ಮಕ್ಕಳಿಗೆ ಇಡೀ ಕಾಳು ಬೇಡ ಎಂದೂ ಹೇಳಿದೆ, ಅದು ಮೊದಲಿನಿಂದಲೂ ಹೇಳುತ್ತ ಬಂದ ಮಾತು ಎಂಬ ಧಾಟಿಯಲ್ಲಿ. ಅಜ್ಜಿ ಅವತ್ತಿನಿಂದ ದಿನಾ ಕುಟ್ಟಿಯೇ ಕೊಟ್ಟಳು. ಮಗು ಇಡೀ ಕಡಲೆ ತಿಂದದ್ದು ಒಂದೇ ಒಂದು ಸಂಜೆ, ನಾನು ಸುರಿದು ಬಂದ ಸಂಜೆ. ಆಫೀಸಿನ ವರದಿಯಲ್ಲಿ 'ಪ್ರಾತ್ಯಕ್ಷಿಕೆ ಯಶಸ್ವಿ, ಮಹಿಳೆಯರು ಆಸಕ್ತಿಯಿಂದ ಅನುಸರಿಸುತ್ತಿದ್ದಾರೆ' ಎಂದು ಬರೆದೆ.

ಅದರ ಮುಂದಿನ ವಾರ ತೂಗಿದರೆ ಏಳೂ ಮುಕ್ಕಾಲು ಕಿಲೋ. ಅಜ್ಜಿ ನಂಬಲಿಲ್ಲ. ಕೊಕ್ಕೆ ಸರಿಯಿದೆಯೇ ನೋಡಿ ಎಂದಳು. "ದಿನಾ ಕಡ್ಲೆ ಹಿಟ್ಟು ಕೊಡ್ತೀನಿ, ಬಿಸ್ಕತ್ತು ಮುಟ್ಟೇ ಇಲ್ಲ ಅಮ್ಮಾರೆ" ಎಂದು ತಪ್ಪು ಮಾಡದವಳು ತಪ್ಪೊಪ್ಪಿಕೊಳ್ಳುವಂತೆ ಹೇಳಿದಳು. ಮಗುವಿಗೆ ಸಂಜೆಯಾದರೆ ಮೈ ಬಿಸಿ. ಉಸಿರು ಬಿಡುವಾಗ ಎದೆಯೊಳಗೆ ಸಣ್ಣದಾಗಿ ಒಂದು ಸಿಳ್ಳೆ. ರಾಮಗಿರಿಯ ಸರ್ಕಾರಿ ಔಷಧಾಲಯದ ಡಾಕ್ಟರಿಗೆ ತೋರಿಸಿ ಎಂದು ಒಂದು ಚೀಟಿ ಬರೆದುಕೊಟ್ಟೆ. ಅಜ್ಜಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಡೆದು ಹೋಗಿ ತೋರಿಸಿದಳು. ಕೆಮ್ಮಿನ ಔಷಧಿ ಕೊಟ್ಟರು, ಸೂಜಿ ಚುಚ್ಚಿದರು. ಜ್ವರ ಇಳಿದು ಮತ್ತೆ ಏರಿತು.

ಆ ದಿನಗಳಲ್ಲಿ ಹೊಳಲ್ಕೆರೆಯ ಕೋಣೆಯಲ್ಲಿ ಕೂತು ಸಂಜೆ ಕಾಫಿ ಕುಡಿಯುವಾಗ ಆ ಸಿಳ್ಳೆ ನನ್ನ ಕಿವಿಯಲ್ಲಿ ಕೇಳುತ್ತಿತ್ತು. ಹಾಲು ಕಾಯುವ ಸದ್ದು, ಬಾಗಿಲಿನ ಕೀಲು, ದೂರದ ಬಸ್ಸಿನ ಬ್ರೇಕು, ಎಲ್ಲದರಲ್ಲೂ ಅದೇ. ನೆಗಡಿ, ನೆಗಡಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೇಳಿಕೊಂಡಷ್ಟೂ ನಂಬಿಕೆ ಕಡಿಮೆಯಾಯಿತು. ಯಾರಿಗೂ ಬಾಯಿ ಬಿಡಲಿಲ್ಲ. ಹೆದರಿಕೆ, ನಾಚಿಕೆ, ಎರಡೂ ಇತ್ತು.

ನಾಲ್ಕನೆಯ ವಾರ ಹೋದಾಗ ಅಜ್ಜಿ ಜಗಲಿಗೆ ಬಂದಿರಲಿಲ್ಲ. ಅವಳ ಮನೆಗೇ ಹೋದೆ. ಕಂಬಳಿಯ ಮೇಲೆ ಮಗು ಮಲಗಿತ್ತು, ಪಕ್ಕೆಲುಬು ಉಸಿರಿಗೊಮ್ಮೆ ಒಳಗೆ ಹೋಗಿ ಬರುತ್ತಿತ್ತು. ನಾನು ಡಾಕ್ಟರಲ್ಲ. ಆದರೂ ಬಗ್ಗಿ ಅದರ ಬೆನ್ನಿಗೆ ಕಿವಿ ಇಟ್ಟೆ. ಎಡಗಡೆ ಉಸಿರು ಓಡಾಡುವುದು ಕೇಳಿಸಿತು. ಬಲಗಡೆ ಹೆಚ್ಚುಕಡಿಮೆ ಏನೂ ಇಲ್ಲ. ಖಾಲಿ ಮನೆಯ ಬಾಗಿಲಿಗೆ ಕಿವಿ ಇಟ್ಟಂತಿತ್ತು.

"ಅಜ್ಜಿ, ಏಳಿ. ದಾವಣಗೆರೆಗೆ ಹೋಗೋಣ" ಎಂದೆ.

"ಈಗ್ಲೇನಾ ಅಮ್ಮಾರೆ?"

"ಈಗಲೇ."

ಅದೇ ಸಂಜೆಯ ರೈಲು. ಅದೇ ಒಂದು ಗಂಟೆಯ ದಾರಿಯಲ್ಲಿ ಮಗುವನ್ನು ಒಬ್ಬರಾದ ಮೇಲೊಬ್ಬರು ಎತ್ತಿಕೊಂಡು ಓಡಿದಂತೆ ನಡೆದೆವು. ಅಜ್ಜಿ ದಾರಿಯುದ್ದಕ್ಕೂ ಒಂದೇ ಮಾತು ಹೇಳುತ್ತಿದ್ದಳು: "ಹೆಂಗ್ ಕೊಟ್ಟೀನೋ ಹಂಗ್ ಕೊಡು ಅಂದಿದ್ಲು." ರೈಲಿನಲ್ಲಿ ದಾವಣಗೆರೆ ಹತ್ತಿರವಾದಂತೆ ಹೊರಗೆ ಗದ್ದೆಗಳು ಕಾಣಿಸಿದವು. ಅಲ್ಲೆಲ್ಲೋ ಒಂದು ಗದ್ದೆಯಲ್ಲಿ ಮಗುವಿನ ತಂದೆತಾಯಿ ಕುರಿ ಕೂಡಿಹಾಕುತ್ತಿದ್ದಿರಬೇಕು. ಅವರಿಗೆ ತಿಳಿಸುವುದು ಹೇಗೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಅಜ್ಜಿ ಕಿಟಕಿಯ ಹೊರಗೆ ಒಮ್ಮೆಯೂ ನೋಡಲಿಲ್ಲ.

ದೊಡ್ಡ ಆಸ್ಪತ್ರೆಯಲ್ಲಿ ಒಬ್ಬರು ವಯಸ್ಸಾದ ಡಾಕ್ಟರು ಮಗುವಿನ ಎದೆಗೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಎಕ್ಸ್‌ರೇ ತೆಗೆಸಿ, ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಅಜ್ಜಿಯನ್ನು ಹತ್ತಿರ ಕರೆದರು.

"ಏನವ್ವ, ಮಗು ಏನಾದ್ರೂ ತಿನ್ನೋವಾಗ ಯಾವಾಗ್ಲಾದ್ರೂ ಉಸಿರು ಕಟ್ಟಿತ್ತಾ? ಕಾಳು, ಬೀಜ, ಗುಂಡಿ, ಏನಾದ್ರೂ ನುಂಗಿತ್ತಾ?"

ಅಜ್ಜಿ ತಿರುಗಿ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ದೂರು ಇರಲಿಲ್ಲ. ದೂರು ಇದ್ದಿದ್ದರೆ ನಾನು ಇಷ್ಟು ವರ್ಷ ಅದನ್ನು ಹೊತ್ತು ತಿರುಗುತ್ತಿರಲಿಲ್ಲವೇನೋ. ಏನು ಹೇಳಲಿ ಎಂದು ಅವಳು ನನ್ನನ್ನು ಕೇಳುತ್ತಿದ್ದಳು, ಅಷ್ಟೇ.

"ಹೌದು ಡಾಕ್ಟರೇ" ಎಂದೆ. "ಹುರಿಗಡಲೆ. ಮೂರು ವಾರವಾಯಿತು. ಕೊಟ್ಟಿದ್ದು ನಾನು. ಅಜ್ಜಿ ಆವಾಗಲೇ ಹೇಳಿದ್ದರು. ನಾನೇ ಅಲ್ಲ ಅಂದೆ."

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಬಲಗಡೆ ಗಾಳಿ ಸಿಕ್ಕಿಹಾಕಿಕೊಂಡಿದೆ, ಅದು ಕಾಣ್ತಿದೆ. ಬೇಳೆ ಎಕ್ಸ್‌ರೇಲಿ ಕಾಣಲ್ಲಮ್ಮ. ಯಾರಾದ್ರೂ ಹೇಳಿದ್ರೆ ಮಾತ್ರ ಗೊತ್ತಾಗೋದು" ಎಂದು ಹೇಳಿ ಎದ್ದು ಹೋದರು.

ಮರುದಿನ ಬೆಳಿಗ್ಗೆ ಗಂಟಲಿನ ಡಾಕ್ಟರು ಮಗುವಿಗೆ ಮತ್ತಿನ ಔಷಧಿ ಕೊಟ್ಟು, ಬಾಯಿಯ ಮೂಲಕ ಉಸಿರಿನ ಕೊಳವೆಯೊಳಗೆ ಒಂದು ನಳಿಕೆ ಇಳಿಸಿ, ಇಕ್ಕಳದಿಂದ ಅದನ್ನು ತೆಗೆದರು. ಮಗುವನ್ನು ಒಳಗೆ ಒಯ್ದು ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಹೊರಗೆ ಬೆಂಚಿನ ಮೇಲೆ ಅಜ್ಜಿ, ನಾನು. ಬಾಗಿಲು ತೆರೆದು ನರ್ಸು ಬಂದು, "ಬಂತು, ಮಗು ಚೆನ್ನಾಗಿದೆ" ಎಂದಾಗ ನಾನು ಅತ್ತುಬಿಟ್ಟೆ. ಅಜ್ಜಿ ಅಳಲಿಲ್ಲ. ನನ್ನ ಬೆನ್ನು ಸವರಿದಳು.

ನರ್ಸು ಗಾಯಕ್ಕೆ ಕಟ್ಟುವ ಬಟ್ಟೆಯ ಚೂರೊಂದರಲ್ಲಿ ಅದನ್ನು ಸುತ್ತಿ ತಂದಿದ್ದಳು. ಅರ್ಧ ಬೇಳೆ. ನೆನೆದು ಊದಿ, ಬಣ್ಣ ಕಪ್ಪಿಟ್ಟಿತ್ತು. ಅಜ್ಜಿ ಅಂಗೈಯಲ್ಲಿಟ್ಟುಕೊಂಡು ನೋಡಿದಳು.

ನಾನು ಆಗ ಕೇಳಬಾರದಿತ್ತು, ಕೇಳಿದೆ. "ಅಜ್ಜಿ, ಔಷಧಾಲಯದ ಡಾಕ್ಟರು ಏನೂ ಕೇಳಲಿಲ್ಲವಾ? ಏನಾದರೂ ನುಂಗಿತ್ತಾ ಅಂತ?"

"ಕೇಳಿದ್ರು ಅಮ್ಮಾರೆ."

"ಏನಂದ್ರಿ?"

"ಇಲ್ಲ ಅಂದೆ."

"ಯಾಕಜ್ಜಿ? ನೀವೇ ಕಣ್ಣಾರೆ ಕಂಡಿದ್ರಲ್ಲ!"

ಅಜ್ಜಿಗೆ ನನ್ನ ಪ್ರಶ್ನೆ ವಿಚಿತ್ರ ಅನ್ನಿಸಿರಬೇಕು. "ನೀವ್ ಅಲ್ಲ ಅಂದಿದ್ರಲ್ಲವ್ವ" ಎಂದಳು. "ಓದಿದೋರು ಅಲ್ಲ ಅಂದ್ಮ್ಯಾಲೆ ನಾ ಕಂಡಿದ್ದೇ ಸುಳ್ಳಿರಬೇಕು ಅನ್ಕಂಡೆ."

ಅಮ್ಮಾರೆ ಎನ್ನದೆ ಅವ್ವ ಎಂದು ಅವಳು ನನ್ನನ್ನು ಕರೆದದ್ದು ಅದೇ ಮೊದಲು. ಸಮಾಧಾನ ಮಾಡಲೆಂದೇ ಕರೆದದ್ದು. ನಾನು ಆ ಬಟ್ಟೆಯ ಚೂರನ್ನು ಅವಳ ಕೈಯಿಂದ ತೆಗೆದುಕೊಂಡೆ. ಹೊಳಲ್ಕೆರೆಗೆ ಬಂದು ನನ್ನ ತಕ್ಕಡಿಯಲ್ಲಿ ಅದನ್ನು ಇಟ್ಟು ನೋಡಿದೆ. ಮುಳ್ಳು ಅಲುಗಲಿಲ್ಲ.

ಮಗು ಬದುಕಿತು. ಯುಗಾದಿಯ ಹೊತ್ತಿಗೆ ಎಂಟೂವರೆ ಕಿಲೋ ಆಗಿತ್ತು. ಗುಂಡಗೇನೂ ಆಗಿರಲಿಲ್ಲ, ಆದರೆ ಉಸಿರಾಟದಲ್ಲಿ ಸದ್ದಿರಲಿಲ್ಲ. ಸೊಸೆ ಬಂದು ಎತ್ತಿಕೊಂಡಳಂತೆ, ಏನೂ ಅನ್ನಲಿಲ್ಲವಂತೆ. ಅಜ್ಜಿ ಅವಳಿಗೆ ಎಷ್ಟು ಹೇಳಿದಳು, ಎಷ್ಟು ಬಿಟ್ಟಳು, ನನಗೆ ಗೊತ್ತಿಲ್ಲ. ನನ್ನ ವರದಿಯನ್ನು ನಾನು ತಿದ್ದಲಿಲ್ಲ. ಯಶಸ್ವಿ ಎಂದೇ ಅದು ಎಲ್ಲೋ ಒಂದು ಕಪಾಟಿನಲ್ಲಿ ಉಳಿದು, ಗೆದ್ದಲು ತಿಂದು ಹೋಗಿರಬೇಕು.

ಆಮೇಲೆ ಹೊಸದುರ್ಗ, ಹಿರಿಯೂರು, ತುರುವನೂರಿನ ಕಡೆಯ ಹಳ್ಳಿಗಳು, ಎಲ್ಲ ಕಡೆ ಅದೇ ಪಾಠ ಮಾಡಿದೆ. ಮೊದಲು ಒರಳು, ಆಮೇಲೆ ತಕ್ಕಡಿ. ಎಷ್ಟೋ ರೈಲು ಬಸ್ಸು ತಪ್ಪಿದವು. ಪುಸ್ತಕದ ಲೆಕ್ಕದಲ್ಲಿ ಒಂದಂಕಿಯೂ ತಪ್ಪಿರಲಿಲ್ಲ, ಇಂದಿಗೂ ತಪ್ಪಿಲ್ಲ. ಐವತ್ತು ಗ್ರಾಂ ಹುರಿಗಡಲೆಯಲ್ಲಿ ಹನ್ನೊಂದು ಗ್ರಾಂ ಪ್ರೋಟೀನು ಇದೆ, ಬಿಸ್ಕತ್ತಿನಲ್ಲಿ ಮೂರು. ಅದನ್ನು ನಾನು ಯಾವತ್ತೂ ಹಿಂದಕ್ಕೆ ತೆಗೆದುಕೊಂಡಿಲ್ಲ.

ಆ ವರ್ಷದ ಯುಗಾದಿ ಕಳೆದ ಮೇಲೆ ಒಮ್ಮೆ ಆ ಹಳ್ಳಿಗೆ ಹೋಗಿದ್ದೆ. ಅಜ್ಜಿ ಬಂದು ಮುಂದಿನ ಸಾಲಿನಲ್ಲೇ ಕೂತಳು. ನನಗೆ ಅವಳನ್ನು ನೋಡಿ ಸಂತೋಷವಾಯಿತು, ಕ್ಷಮಿಸಿದ್ದಾಳೆ ಅಂದುಕೊಂಡೆ. ನಾಲ್ಕು ತಟ್ಟೆ ಜೋಡಿಸಿ, ಅವಳ ಬಾಯಿಂದಲೇ ಬರಲಿ ಎಂದು, "ಅಜ್ಜಿ, ನೀವು ಹೇಳಿ, ಇದರಲ್ಲಿ ಯಾವುದು ಒಳ್ಳೆಯದು?" ಎಂದು ಕೇಳಿದೆ.

ಮೊದಲ ಸಲ ಸೌದೆ ಯಾವುದರಲ್ಲಿ ಜಾಸ್ತಿ ಎಂದು ಲೆಕ್ಕ ಹಾಕಿ ನನ್ನನ್ನೇ ಕೇಳಿದ್ದ ಹೆಂಗಸು ಅವಳು. ಈ ಸಲ ತಟ್ಟೆಗಳ ಕಡೆ ನೋಡಲೇ ಇಲ್ಲ. ನನ್ನ ಮುಖ ನೋಡುತ್ತ ಕೂತಳು, ನಾನು ಏನು ಹೇಳುತ್ತೇನೋ ಎಂದು.